ಸ್ಪಾಟ್‌ಲೈಟ್ ಕೆಳಗಿನ ಪ್ರದರ್ಶನವನ್ನು ಕುರ್ಚಿಯಿಂದಲೇ ಫೋನಿನಲ್ಲಿ ಹಿಡಿಯಬಹುದೇ?

ಪರ: ಫೋನಿಗೆ ಲೆಕ್ಕ ಹಾಕಲು ಬಿಡಬೇಡಿ

ಪ್ರೇಕ್ಷಕರು ತೆಗೆದ ನೃತ್ಯದ ವಿಡಿಯೊಗಳಲ್ಲಿ ಮುಖ ಇರಬೇಕಾದ ಕಡೆ ಬಿಳಿ ಮೊಟ್ಟೆಯೊಂದು ತೇಲುತ್ತಿರುತ್ತದೆ. ಅದಕ್ಕೆ ಕ್ಯಾಮೆರಾವನ್ನು ಬೈದು ಪ್ರಯೋಜನವಿಲ್ಲ. ಚೌಕಟ್ಟಿನ ಬಹುಪಾಲು ಕಪ್ಪು ಪರದೆ, ನಡುವೆ ಸ್ಪಾಟ್‌ನಡಿ ಒಬ್ಬಳೇ ನರ್ತಕಿ. ಫೋನು ಒಟ್ಟಾರೆ ನೋಡಿ ‘ಇಲ್ಲಿ ಕತ್ತಲೆ ಜಾಸ್ತಿ’ ಎಂದು ಬೆಳಕು ಏರಿಸುತ್ತದೆ. ಪರದೆ ಬೂದು ಬಣ್ಣಕ್ಕೆ ತಿರುಗುತ್ತದೆ, ಮುಖ ಸುಟ್ಟುಹೋಗುತ್ತದೆ.

ಪರಿಹಾರ ಬೆರಳ ತುದಿಯಲ್ಲೇ ಇದೆ. ಆಕೆ ಒಂದು ಭಂಗಿಯಲ್ಲಿ ನಿಂತ ಕ್ಷಣ ಮುಖದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಬೆಳಕು, ಫೋಕಸ್ ಎರಡಕ್ಕೂ ಬೀಗ ಬಿತ್ತೆಂದು ಐಫೋನಿನಲ್ಲಿ AE/AF LOCK ಎಂದು ಮೂಡುತ್ತದೆ. ಬೇರೆ ಹಲವು ಫೋನುಗಳಲ್ಲಿ ಬೀಗದ ಚಿತ್ರ ಬರುತ್ತದೆ. ಆಮೇಲೆ ಸೂರ್ಯನ ಚಿಹ್ನೆಯನ್ನು ಕೆಳಕ್ಕೆ ಎಳೆಯಿರಿ. ಮೂಗಿನ ಪಕ್ಕದ ನೆರಳು, ಉಡುಪಿನ ನೆರಿಗೆ ಎದ್ದು ಕಂಡ ಕೂಡಲೇ ನಿಲ್ಲಿಸಿ. ಸಾಮಾನ್ಯವಾಗಿ ಒಂದೆರಡು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೋ ಕಾಲು ಭಾಗಕ್ಕೋ, ಇಳಿಸಿದರೆ ಸಾಕು. ಚಿತ್ರ ತುಸು ಮಬ್ಬೆನಿಸಿದರೂ ಚಿಂತೆಯಿಲ್ಲ: ನೆರಳನ್ನು ಎಡಿಟಿಂಗ್‌ನಲ್ಲಿ ಸ್ವಲ್ಪ ಮೇಲೆತ್ತಬಹುದು, ಸುಟ್ಟ ಬಿಳಿಯಲ್ಲಿ ಮಾತ್ರ ಹುಡುಕಲು ಏನೂ ಉಳಿದಿರುವುದಿಲ್ಲ.

ಈ ಬೀಗದಿಂದ ಫೋಕಸ್ ಕೂಡ ಅಲುಗಾಡುವುದಿಲ್ಲ. ಹೊಗೆ ಬಿಟ್ಟಾಗ ಫೋಕಸ್ ಹಿಂದೆ ಮುಂದೆ ತಡಕಾಡುವುದನ್ನು ನೋಡಿರುತ್ತೀರಿ. ಹತ್ತು ಮೀಟರ್ ದೂರದಿಂದ ಫೋನಿನ ಮುಖ್ಯ ಲೆನ್ಸಿಗೆ ರಂಗದ ಮುಂಭಾಗ, ಹಿಂಭಾಗ ಎರಡೂ ಸ್ಪಷ್ಟವೇ. ಅದು ತಡಕಾಡುವ ಅಗತ್ಯವೇ ಇಲ್ಲ.

ವಿಡಿಯೊದಲ್ಲಿ ಕಪ್ಪು ಪಟ್ಟೆಗಳು ಜಾರುತ್ತಿದ್ದರೆ ಅದು ಎಲ್‌ಇಡಿ ದೀಪದ ಮಿನುಗು. ಕಣ್ಣಿಗೆ ಕಾಣದಷ್ಟು ವೇಗವಾಗಿ ದೀಪ ಆರಿ ಹೊತ್ತುತ್ತಿರುತ್ತದೆ, ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಎಲ್ಲವನ್ನೂ ಕೈಯಾರೆ ಹೊಂದಿಸುವ ಪ್ರೊ ಮೋಡ್ ಇದ್ದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟು, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯಾದ ಐಎಸ್‌ಒ ಮಾತ್ರ ಇಳಿಸಿ. ಶಟರ್ ನಿಧಾನವಾದಷ್ಟೂ ಪಟ್ಟೆ ತೆಳುವಾಗುತ್ತದೆ. ಜೂಮ್ ಬಗ್ಗೆ ಒಂದೇ ಮಾತು: ಬೆಳಕು ಸಾಲದಿದ್ದಾಗ 3x ಒತ್ತಿದರೂ ಕೆಲವು ಫೋನು ಸದ್ದಿಲ್ಲದೆ ಮುಖ್ಯ ಲೆನ್ಸಿನ ಚಿತ್ರವನ್ನೇ ಕತ್ತರಿಸಿ ಕೊಡುತ್ತದೆ. ಟೆಲಿ ಲೆನ್ಸಿಗೆ ಬೆರಳು ಅಡ್ಡ ಇಟ್ಟರೂ ಚಿತ್ರ ಮರೆಯಾಗದಿದ್ದರೆ ಮೋಸ ಗೊತ್ತಾಗುತ್ತದೆ.

ಅನುಮತಿ ಪಡೆದು, ಕೊನೆಯ ಸಾಲಿನಲ್ಲಿ ಕೂತು, ಏರೋಪ್ಲೇನ್ ಮೋಡ್ ಹಾಕಿ, ಫೋನನ್ನು ಎದೆಯ ಮಟ್ಟದಲ್ಲೇ ಹಿಡಿದು ಮೂರು ನಿಮಿಷ ತೆಗೆದರೆ ಯಾರಿಗೂ ತೊಂದರೆಯಿಲ್ಲ. ಕಲಿಯುವವರಿಗೆ ಹೆಜ್ಜೆ ತಿದ್ದಿಕೊಳ್ಳಲು ಅಷ್ಟು ಸಾಕು.

ವಿರೋಧ: ಬೀಗ ಹಾಕಿದ ಮೇಲೆ ಬೆಳಕು ಬದಲಾಗುತ್ತದೆ

ಮೇಲಿನ ಉಪಾಯ ಕೆಲಸ ಮಾಡುವುದು ಸ್ಪಾಟ್ ಬದಲಾಗದೆ ಉರಿಯುವಷ್ಟು ಹೊತ್ತು ಮಾತ್ರ. ರಂಗದ ಬೆಳಕು ಹಾಗೆ ನಿಲ್ಲುವುದಿಲ್ಲ.

ನರ್ತಕಿ ಕೊನೆಯ ಭಂಗಿಗೆ ಬರುತ್ತಾಳೆ, ಸ್ಪಾಟ್ ಹತ್ತು ಸೆಕೆಂಡಿನಲ್ಲಿ ನಿಧಾನವಾಗಿ ಆರಬೇಕು ಎಂದಿಟ್ಟುಕೊಳ್ಳಿ. ಆಟೋದಲ್ಲಿರುವ ಫೋನು ಬೆಳಕು ಇಳಿದಂತೆಲ್ಲ ತಾನು ಏರಿಸುತ್ತಾ ಹೋಗುತ್ತದೆ. ವಿಡಿಯೊದಲ್ಲಿ ಆರುವಿಕೆಯೇ ಇಲ್ಲ. ಹೊಳೆಯುತ್ತಿದ್ದ ಆಕೃತಿಯ ಮೇಲೆ ಮರಳು ಚೆಲ್ಲಿದಂತೆ ಕಾಳುಕಾಳು ಮೂಡಿ, ತಟ್ಟನೆ ಕತ್ತಲು. ಬೀಗ ಹಾಕಿದ್ದರೆ ಆ ಹತ್ತು ಸೆಕೆಂಡು ಉಳಿಯುತ್ತದೆ, ಆದರೆ ಮುಂದಿನ ಮಂದ ನೀಲಿ ದೃಶ್ಯ ಪೂರ್ತಿ ಮುಳುಗುತ್ತದೆ.

ನೀಲಿಯದು ಇನ್ನೂ ಕೆಟ್ಟ ಕಥೆ. ಸಾಮಾನ್ಯ ಸೆನ್ಸರಿನಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದು ಮಾತ್ರ ನೀಲಿ. ಗಾಢ ನೀಲಿ ಎಲ್‌ಇಡಿಯಡಿ ಮುಖದ ವಿವರವನ್ನೆಲ್ಲ ಆ ಒಂದೇ ಹೊರಬೇಕು. ಬೆಳಕಿನ ಅಳತೆಯಲ್ಲಿ ಹಸಿರಿಗೇ ತೂಕ ಹೆಚ್ಚಾದ್ದರಿಂದ ಫೋನಿಗೆ ದೃಶ್ಯ ಕತ್ತಲಾಗಿ ಕಾಣುತ್ತದೆ, ನೀಲಿ ಅಷ್ಟರಲ್ಲೇ ತುಂಬಿ ಉಕ್ಕಿರುತ್ತದೆ. ಕಣ್ಣು, ಹುಬ್ಬು, ತುಟಿ ಅಳಿಸಿ ನೀಲಿ ತೇಪೆ ಉಳಿಯುತ್ತದೆ. ಅಭಿನಯವೆಲ್ಲ ಮುಖದಲ್ಲೇ ಇರುವ ನಾಟಕಕ್ಕೆ ಇದು ದಾಖಲೆಯೇ?

ಇನ್ನು ‘ಯಾರಿಗೂ ತೊಂದರೆಯಿಲ್ಲ’ ಎಂಬ ಮಾತು. ಮೂಗಿನ ನೆರಳು ನೋಡಿ ಬೆಳಕು ಇಳಿಸಬೇಕಾದರೆ ಫೋನಿನ ಪರದೆ ಪ್ರಕಾಶವಾಗಿರಬೇಕು. ಪಕ್ಕದವರಿಗಾಗಿ ಅದನ್ನು ಮಂದ ಮಾಡಿದರೆ ಚಿತ್ರ ಇರುವುದಕ್ಕಿಂತ ಕಪ್ಪಾಗಿ ಕಂಡು, ಇಳಿಸಬೇಕಾದಷ್ಟು ಇಳಿಸುವುದೇ ಇಲ್ಲ. ಎರಡೂ ಒಟ್ಟಿಗೆ ಆಗದು. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಪಕ್ಕದಲ್ಲೊಂದು ಬೆಳಕಿನ ಚೌಕ ಹೊತ್ತಿದರೆ ರಂಗದ ಮಂದ ದೃಶ್ಯ ಮಾಯ. ಎದೆಯ ಮಟ್ಟದಲ್ಲಿ ಹಿಡಿದರೆ ಚೌಕಟ್ಟಿನೊಳಗೆ ಮುಂದಿನವರ ತಲೆ. ಆಗ ಕೈ ತಾನಾಗಿ ಮೇಲೇಳುತ್ತದೆ.

ಅನುಮತಿಯ ಮಾತನ್ನು ಎದುರು ಪಕ್ಷ ಒಂದೇ ಪದದಲ್ಲಿ ಮುಗಿಸಿತು. ಒಪ್ಪಿಗೆಯಿಲ್ಲದೆ ತಮ್ಮ ಜೀವಂತ ಪ್ರದರ್ಶನವನ್ನು ದಾಖಲಿಸುವುದನ್ನು ತಡೆಯುವ ಅವಕಾಶ ಕಲಾವಿದರಿಗೆ ಇರಬೇಕು ಎಂದು ಕಲಾವಿದರ ಹಕ್ಕುಗಳನ್ನು ಕುರಿತ 1961ರ ರೋಮ್ ಒಪ್ಪಂದವೇ ಹೇಳುತ್ತದೆ. ಸಂಘಟಕರು ತಲೆಯಾಡಿಸಿದ ಮಾತ್ರಕ್ಕೆ ನಟರು ಒಪ್ಪಿದರು ಎಂದಾಗದು.

ಹೆಜ್ಜೆ ತಿದ್ದಲು ವಿಡಿಯೊ ಬೇಕಿದ್ದರೆ ಉಡುಪು ತೊಟ್ಟು ಮಾಡುವ ಕೊನೆಯ ತಾಲೀಮು ಇದೆ. ಬೆಳಕಿನ ಬೋರ್ಡಿನ ಪಕ್ಕ ಟ್ರೈಪಾಡ್ ಇಟ್ಟು, ಕ್ಯೂ ಪಟ್ಟಿ ಕೈಯಲ್ಲಿ ಹಿಡಿದರೆ ಸ್ಪಾಟ್ ಯಾವಾಗ ಏರುತ್ತದೆ, ನೀಲಿ ಯಾವಾಗ ಬರುತ್ತದೆ ಎಂದು ಮೊದಲೇ ತಿಳಿದಿರುತ್ತದೆ. ಪರದೆಯ ಪ್ರಕಾಶವನ್ನು ಎಷ್ಟು ಬೇಕಾದರೂ ಏರಿಸಿಕೊಳ್ಳಬಹುದು, ಹಿಂದಿನ ಕುರ್ಚಿಗಳೆಲ್ಲ ಖಾಲಿ.