ಯಂತ್ರದ ಬರಹ: ಗುಂಡಿ ಹೇಗೇ ತಿರುಗಿಸಿದರೂ ಸಿಕ್ಕಿಬೀಳುತ್ತದೆಯೇ?

ಪರ: ಸಿಕ್ಕಿಬೀಳುತ್ತದೆ
(ಬರೆದವರು ಹಾಸನದ ಎಂಜಿನಿಯರಿಂಗ್ ಕಾಲೇಜೊಂದರ ಬೋಧಕರು)

ನನ್ನ ತಂದೆ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಗುಮಾಸ್ತರಾಗಿದ್ದರು. ಒಂದು ಹಿಡಿ ಬೀಜವನ್ನು ಅಂಗೈಗೆ ಸುರಿದುಕೊಂಡು, ಅದು ಜರಡಿ ಕಂಡ ಸರಕೋ ಅಲ್ಲವೋ ಎಂದು ಹೇಳಿಬಿಡುತ್ತಿದ್ದರು. ಗುಟ್ಟು ಕೇಳಿದರೆ ನಗುತ್ತಿದ್ದರು: ‘ಒಡಕು ಬೀಜ ಒಂದೂ ಇಲ್ಲವಲ್ಲ, ಕರಿಬೀಜ ಒಂದೂ ಇಲ್ಲವಲ್ಲ, ಇಷ್ಟು ಚೆನ್ನಾಗಿ ಯಾವ ಗಿಡ ಬಿಡುತ್ತದೆ?’ ಚಾಟ್‌ಜಿಪಿಟಿಯಂಥ ಭಾಷಾ ಮಾದರಿ ಬರೆದ ಪ್ರಬಂಧವನ್ನು ಹಿಡಿಯುವುದೂ ಹೀಗೆಯೇ.

ಮಾದರಿ ಪ್ರತಿ ಹೆಜ್ಜೆಯಲ್ಲಿಯೂ ಮುಂದೆ ಯಾವ ಪದ ಬರುವ ಸಾಧ್ಯತೆ ಎಷ್ಟು ಎಂಬ ಒಂದು ಪಟ್ಟಿ ಮಾಡಿಕೊಳ್ಳುತ್ತದೆ. ‘ಬೆಳಗ್ಗೆ ಎದ್ದು ನೋಡಿದರೆ ತೋಟದ ಮೇಲೆಲ್ಲ...’ ಎಂಬಲ್ಲಿ ನಿಂತಿದ್ದೇವೆ ಎನ್ನಿ. ಲೆಕ್ಕಕ್ಕೆ ಅನುಕೂಲವಾಗಲೆಂದು ಐದೇ ಪದ ಇಟ್ಟುಕೊಳ್ಳೋಣ: ಮಂಜು 0.50, ಮೋಡ 0.25, ಕತ್ತಲೆ 0.15, ಹೊಗೆ 0.07, ಮೌನ 0.03. ಈ ಪಟ್ಟಿಯಿಂದ ಚೀಟಿ ಎತ್ತುವ ಹದವನ್ನು ಬದಲಿಸುವ ಗುಂಡಿಗೆ ಟೆಂಪರೇಚರ್ ಎಂದು ಹೆಸರು. ಅದು 1 ಆದರೆ ಚೀಟಿ ಎತ್ತುವುದು ಈ ಪಾಲಿನಲ್ಲಿಯೇ. ಅದನ್ನು 0.5ಕ್ಕೆ ಇಳಿಸಿದರೆ ಪ್ರತಿ ಪಾಲನ್ನೂ ವರ್ಗ ಮಾಡಿ, ಒಟ್ಟು ಮತ್ತೆ 1 ಆಗುವಂತೆ ಸರಿಹೊಂದಿಸಿದ ಹಾಗೆ. ಆಗ ಮಂಜು 0.73ಕ್ಕೆ ಏರುತ್ತದೆ, ಮೌನ 0.003ಕ್ಕೆ ಇಳಿಯುತ್ತದೆ. 2ಕ್ಕೆ ಏರಿಸಿದರೆ ವರ್ಗಮೂಲ ತೆಗೆದ ಹಾಗೆ: ಮಂಜು 0.35, ಮೌನ 0.085. ಉಳ್ಳವನಿಗೆ ಇನ್ನಷ್ಟು ಕೊಡುವುದು ತಣ್ಣನೆಯ ಗುಂಡಿ, ಹಂಚಿಬಿಡುವುದು ಬಿಸಿ ಗುಂಡಿ.

ಟಾಪ್-ಪಿ ಎಂಬುದು ಇದರ ಮೇಲೆ ಬರುವ ಜರಡಿ. 2019ರಲ್ಲಿ ಆರಿ ಹೋಲ್ಟ್ಸ್‌ಮನ್ ಮತ್ತು ಸಂಗಡಿಗರು ಇದನ್ನು ಮುಂದಿಟ್ಟರು. ಮೌಲ್ಯ 0.9 ಎಂದರೆ ಪಟ್ಟಿಯ ಮೇಲಿನಿಂದ ಕೂಡುತ್ತ ಬಂದು, ಮೊತ್ತ 0.9 ಮುಟ್ಟಿದ ಕೂಡಲೇ ಕೆಳಗಿನದನ್ನು ಚೆಲ್ಲುವುದು. ಟೆಂಪರೇಚರ್ 1ರಲ್ಲಿ ಮಂಜು, ಮೋಡ, ಕತ್ತಲೆ ಮೂರು ಉಳಿಯುತ್ತವೆ. 0.5ರಲ್ಲಿ ಮೊದಲ ಎರಡರ ಮೊತ್ತವೇ 0.92 ಆಗುವುದರಿಂದ ಎರಡೇ ಉಳಿಯುತ್ತವೆ. 2ರಲ್ಲಿ ನಾಲ್ಕು. ಬಿಸಿ ಮಾಡುವುದು ಮೊದಲು, ಜರಡಿ ಆಮೇಲೆ. ರೂಢಿಯಲ್ಲಿರುವ ಕ್ರಮ ಇದೇ. ಗಮನಿಸಿ, ಈ ಮೂರು ಸಂದರ್ಭದಲ್ಲಿಯೂ ‘ಮೌನ’ ಹೊರಗೆ. ತೋಟದ ಮೇಲೆ ಮೌನ ಕವಿದಿತ್ತು ಎಂದು ಆ ಯಂತ್ರ ಸಾವಿರ ಸಲ ಕೇಳಿದರೂ ಬರೆಯದು. ಮನುಷ್ಯ ನೂರು ಸಲದಲ್ಲಿ ಮೂರು ಸಲವಾದರೂ ಬರೆಯುತ್ತಾನೆ.

ಇಲ್ಲಿದೆ ನನ್ನ ವಾದದ ಜೀವ. 0.9ರ ಜರಡಿಯ ಹೊರಗುಳಿಯುವುದು ಹೆಚ್ಚೆಂದರೆ ನೂರಕ್ಕೆ ಹತ್ತು ಪಾಲು. ಮೊತ್ತ ಸಾಮಾನ್ಯವಾಗಿ 0.9ನ್ನು ಸ್ವಲ್ಪ ದಾಟಿಯೇ ನಿಲ್ಲುವುದರಿಂದ ಐದು ಪಾಲು ಎಂದೇ ಹಿಡಿಯೋಣ. ಹಾಗಿದ್ದರೆ ಮನುಷ್ಯನ ನೂರು ಪದಗಳಲ್ಲಿ ಒಂದೂ ಹೊರಗೆ ಬೀಳದಿರುವ ಸಾಧ್ಯತೆ ಎಷ್ಟು? 0.95ನ್ನು ನೂರು ಬಾರಿ ಗುಣಿಸಿದರೆ 0.006, ಅಂದರೆ ಸಾವಿರಕ್ಕೆ ಆರು. ಯಂತ್ರದ ಬರಹದಲ್ಲಿ ಒಂದೂ ಬೀಳುವುದಿಲ್ಲ, ಬೀಳುವುದು ಸಾಧ್ಯವೇ ಇಲ್ಲ. ಒಂದು ಪುಟ ಸಾಕು, ತೀರ್ಪು ಬಂತು. 2019ರಲ್ಲಿಯೇ ಬಂದ ಜಿಎಲ್‌ಟಿಆರ್ ಎಂಬ ಉಪಕರಣ ಇದನ್ನು ಬಣ್ಣದಲ್ಲಿ ತೋರಿಸುತ್ತಿತ್ತು: ಪಟ್ಟಿಯ ಮೊದಲ ಹತ್ತರೊಳಗಿನ ಪದಕ್ಕೆ ಹಸಿರು, ನೂರರೊಳಗೆ ಹಳದಿ, ಸಾವಿರದೊಳಗೆ ಕೆಂಪು, ಅದರಾಚೆ ನೇರಳೆ. ತಣ್ಣಗೆ ಬರೆಸಿದ ಪುಟ ಗದ್ದೆಯಂತೆ ಹಸಿರು. ಮನುಷ್ಯನ ಪುಟದಲ್ಲಿ ಅಲ್ಲಲ್ಲಿ ನೇರಳೆ ಚೆಲ್ಲಿರುತ್ತದೆ.

‘ಹಾಗಾದರೆ ಬಿಸಿ ಮಾಡುತ್ತೇವೆ, ಜರಡಿ ತೆಗೆಯುತ್ತೇವೆ’ ಎನ್ನುವವರಿಗೆ ಇನ್ನೊಂದು ಬಾಗಿಲಲ್ಲಿ ಮನುಷ್ಯರು ನಿಂತಿದ್ದಾರೆ. 2020ರಲ್ಲಿ ಡಾಫ್ನಿ ಇಪ್ಪೊಲಿಟೊ ಮತ್ತು ಸಂಗಡಿಗರು ಜಿಪಿಟಿ-2 ಎಂಬ ಮಾದರಿಯ ಬರಹಗಳನ್ನಿಟ್ಟು ಪರೀಕ್ಷಿಸಿದಾಗ ಕಂಡದ್ದು ಇದೇ: ಪಟ್ಟಿಯನ್ನು ಕತ್ತರಿಸಿ ಬರೆಸಿದ ಬರಹ ಮನುಷ್ಯರನ್ನು ಚೆನ್ನಾಗಿ ಏಮಾರಿಸಿತು, ಪತ್ತೆಯಂತ್ರಕ್ಕೆ ಸುಲಭವಾಗಿ ಸಿಕ್ಕಿತು, ಕತ್ತರಿಸದೆ ಬರೆಸಿದ್ದು ಪತ್ತೆಯಂತ್ರಕ್ಕೆ ಕಷ್ಟವಾಯಿತು, ಓದುಗರ ಕಣ್ಣಿಗೆ ಬಿತ್ತು. ಕನ್ನಡದಲ್ಲಂತೂ ಈ ಎರಡನೆಯ ಬಾಗಿಲು ಇನ್ನೂ ಕಿರಿದು. ಅನೇಕ ಮಾದರಿಗಳು ನಮ್ಮ ಪದವನ್ನು ಇಡಿಯಾಗಿ ಎತ್ತುವುದಿಲ್ಲ, ತುಂಡು ತುಂಡಾಗಿ ಎತ್ತುತ್ತವೆ. ಯುನಿಕೋಡ್‌ನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್. ತುಂಡು ಕೆಲವೊಮ್ಮೆ ಅದರ ನಡುವೆಯೇ ಬೀಳುತ್ತದೆ. ಬಿಸಿ ಹೆಚ್ಚಾದಾಗ ಚೀಟಿ ತಪ್ಪುವುದು ಪದದ ಆಯ್ಕೆಯಲ್ಲಿ ಮಾತ್ರವಲ್ಲ, ಪದದ ಹೊಟ್ಟೆಯೊಳಗೂ. ತೃತೀಯೆಯ ಜಾಗದಲ್ಲಿ ಷಷ್ಠಿ ಬರುತ್ತದೆ, ಒತ್ತಕ್ಷರ ಊರು ಬಿಡುತ್ತದೆ, ಕೆಲವೆಡೆ ಅಕ್ಷರದ ಬದಲು ಪ್ರಶ್ನೆಚಿಹ್ನೆಯ ಕಪ್ಪು ವಜ್ರ ಕುಳಿತಿರುತ್ತದೆ. ಪ್ರಯೋಗಾಲಯದಲ್ಲಿ ಒಂದು ಸಣ್ಣ ಮಾದರಿಯನ್ನು 1.6ರಲ್ಲಿ ಓಡಿಸಿ ಹೇಮಾವತಿಯ ಬಗ್ಗೆ ಬರೆಸಿದೆ. ಎರಡನೆಯ ವಾಕ್ಯದಲ್ಲಿ ನದಿ ಸಕಲೇಶಪುರ ದಾಟಿತು, ಮೂರನೆಯದರಲ್ಲಿ ಕನ್ನಡವನ್ನೇ ದಾಟಿತು. ನಮ್ಮ ಅಟೆಂಡರ್ ಓದಿ, ‘ಸಾರ್, ಇದು ಮೊಬೈಲ್ ನೀರಿಗೆ ಬಿದ್ದಾಗ ಬರೆದದ್ದೇ?’ ಎಂದು ಕೇಳಿದರು.

ವಿರೋಧದ ಹಿರಿಯರು ಟೆಂಪರೇಚರ್, ಟಾಪ್-ಪಿ ಎರಡೂ ಗುಂಡಿಗಳನ್ನು 1ರಲ್ಲಿಟ್ಟ ನಡುದಾರಿಯ ಮಾತು ತೆಗೆಯಬಹುದು. ತೆಗೆಯಲಿ. ಜರಡಿ ಆಡದ ಮೂಟೆಯನ್ನು ಮಾರುಕಟ್ಟೆಗೆ ಹೊತ್ತು ತರುವವರು ಯಾರು? ಕದ್ದು ಬರೆಸುವ ವಿದ್ಯಾರ್ಥಿ ಗುಂಡಿಯನ್ನೇ ಕಂಡಿರುವುದಿಲ್ಲ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಪ್ರೋಗ್ರಾಂ ಬರೆಯುವವರಿಗೆಂದು ತೆರೆದಿಟ್ಟ ಎಪಿಐಯಲ್ಲಿ ಹಲವು ಮಾದರಿಗಳಿಗೆ ಟೆಂಪರೇಚರ್ 0ಯಿಂದ 2ರವರೆಗೆ ತಿರುಗುತ್ತದೆ, ನಿಜ. ಆದರೆ ಸಾಮಾನ್ಯರು ಬಳಸುವ ಚಾಟ್ ಪುಟದಲ್ಲಿ ಅದು ಕಾಣಿಸುವುದಿಲ್ಲ. ಎಪಿಐ ತೆರೆದು ಗುಂಡಿ ಹದ ಮಾಡುವಷ್ಟು ಬಲ್ಲವನು ಪ್ರಬಂಧವನ್ನೂ ತಾನೇ ಬರೆಯಬಲ್ಲ.

ವಿರೋಧ: ಹಾಗೆನ್ನಲು ಬರುವುದಿಲ್ಲ
(ಬರೆದವರು ಚಿಕ್ಕಮಗಳೂರಿನ ನಿವೃತ್ತ ಕನ್ನಡ ಅಧ್ಯಾಪಕರು)

ಈ ಬದಿಯನ್ನು ನನಗೆ ವಹಿಸಿದರು, ಆಯ್ದುಕೊಂಡದ್ದಲ್ಲ. ಹಾಸನದ ಮಿತ್ರರ ಲೇಖನವನ್ನು ಮೊದಲೇ ಕಳುಹಿಸಿದ್ದರು, ಓದಿ ಅರ್ಧ ಒಪ್ಪಿಬಿಟ್ಟೆ. ಕೆಟ್ಟ ವಿಭಕ್ತಿಯಿಂದ ಯಂತ್ರವನ್ನು ಪ್ರಬಂಧ ಸ್ಪರ್ಧೆಯಲ್ಲಿ ನಾನೂ ಹಿಡಿದಿದ್ದೇನೆ. ಉಳಿದರ್ಧಕ್ಕೆ ಮಾತ್ರ ಉತ್ತರ ಕೊಡುತ್ತೇನೆ.

ಅವರ ಸಾವಿರಕ್ಕೆ ಆರು ಎಂಬ ಲೆಕ್ಕಕ್ಕೆ ಆ ಪಟ್ಟಿ ಕೈಯಲ್ಲಿರಬೇಕು. ಪತ್ತೆಗಾರನ ಕೈಯಲ್ಲಿ ಪಟ್ಟಿ ಎಲ್ಲಿದೆ? ಬರೆದದ್ದು ಯಾವ ಮಾದರಿ ಎಂಬುದು ಅವನಿಗೆ ಗೊತ್ತಿಲ್ಲ. ಅದಕ್ಕೆ ಕೇಳಿದ ಪ್ರಶ್ನೆ ಏನೆಂಬುದು ಗೊತ್ತಿಲ್ಲ. ಗುಂಡಿ ಎಲ್ಲಿತ್ತೆಂಬುದೂ ಗೊತ್ತಿಲ್ಲ. ಅವನು ತನ್ನದೇ ಇನ್ನೊಂದು ಮಾದರಿಯಲ್ಲಿ ಪಟ್ಟಿ ಮಾಡಿ ಹೋಲಿಸುತ್ತಾನೆ. ಅದರಲ್ಲಿ ‘ಮೌನ’ ಎರಡನೆಯ ಸ್ಥಾನದಲ್ಲಿದ್ದರೂ ಇದ್ದೀತು. ಆಗ ‘ಒಂದೂ ಬೀಳುವುದಿಲ್ಲ’ ಎಂಬುದು ‘ಕಡಿಮೆ ಬೀಳುತ್ತವೆ’ ಎಂದಾಗುತ್ತದೆ, ತೀರ್ಪು ಗುಮಾನಿಯಾಗುತ್ತದೆ. ಪಕ್ಕದ ತೋಟದ ಜರಡಿಯಲ್ಲಿ ನನ್ನ ತೋಟದ ಬೀಜ ಅಳೆದ ಹಾಗೆ. ಮಾದರಿ ತಯಾರಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಒಂದು ಪತ್ತೆಯಂತ್ರ ಬಿಟ್ಟಿತು. ಅದರ ಪರೀಕ್ಷೆಯಲ್ಲಿ ಯಂತ್ರದ ಬರಹದಲ್ಲಿ ಸಿಕ್ಕಿದ್ದು ನೂರಕ್ಕೆ 26, ಮನುಷ್ಯರನ್ನು ಯಂತ್ರವೆಂದದ್ದು ನೂರಕ್ಕೆ 9. ಜುಲೈಯಲ್ಲಿ, ನಿಖರತೆ ಸಾಲದೆಂದು ತಾವೇ ಹಿಂದಕ್ಕೆ ಪಡೆದರು. ತಯಾರಿಸಿದವರಿಗೇ ಸಿಗದ್ದು ಹಾಸನದಲ್ಲಿ ಒಂದು ಪುಟಕ್ಕೆ ಸಿಗುತ್ತದೆಯಂತೆ.

ಇನ್ನೊಂದು ಮಾತು. ಬರಹದಲ್ಲಿಯೇ ಗುಟ್ಟಿನ ನೀರುಗುರುತು ಸೇರಿಸುವ ವಿಧಾನಗಳೂ ಬಂದಿವೆ. ಗೂಗಲ್‌ನ ಸಿಂಥ್‌ಐಡಿ ಅಂಥದ್ದು. ಸಮಾನ ಯೋಗ್ಯತೆಯ ಪದಗಳಿದ್ದಾಗ ಗುಟ್ಟಿನ ನಿಯಮದಂತೆ ಒಂದನ್ನು ಆರಿಸಿ ಗುರುತು ಬಿಡುವುದು ಅದರ ಕೆಲಸ. ಗುಂಡಿ ತಣ್ಣಗಾಗಿ ಮಂಜು ಒಂದೇ ಉಳಿದರೆ ಆರಿಸುವುದೇನು? ಅಲ್ಲಿ ತಣ್ಣನೆಯ ಬರಹವೇ ಹಿಡಿಯಲು ಕಷ್ಟ, ಬಿಸಿಯದು ಸುಲಭ. ಒಂದೇ ಗುಂಡಿ ಒಂದು ಪತ್ತೆಗೆ ನೆರವಾಗಿ ಇನ್ನೊಂದಕ್ಕೆ ಅಡ್ಡಿಯಾಗುವಾಗ, ಥರ್ಮಾಮೀಟರ್ ಹಿಡಿದು ಎಲ್ಲರ ಜ್ವರ ನೋಡುತ್ತೇನೆನ್ನುವ ಉತ್ಸಾಹ ಸ್ವಲ್ಪ ತಗ್ಗಬೇಕು.

ನನಗೆ ನಿಜವಾಗಿ ಹೇಳಬೇಕಾದದ್ದು ಬೇರೆ. ಹೋದ ಮಳೆಗಾಲದಲ್ಲಿ ನನ್ನೊಂದಿಗೆ ಪಾಠ ಮಾಡಿದ್ದ ಗಣಿತದ ಮೇಷ್ಟ್ರು ತೀರಿಕೊಂಡರು. ಸ್ಮರಣ ಸಂಚಿಕೆಗೆ ಎರಡು ಪುಟ ಬರೆದುಕೊಟ್ಟೆ. ಸಂಪಾದಕನಾಗಿದ್ದ ಹುಡುಗ, ನನ್ನ ಹಳೆಯ ವಿದ್ಯಾರ್ಥಿಯೇ, ಬಂದ ಲೇಖನಗಳನ್ನೆಲ್ಲ ಒಂದು ಪತ್ತೆಯಂತ್ರಕ್ಕೆ ಹಾಕಿದ್ದನಂತೆ. ಸಂಕೋಚದಿಂದ ಫೋನ್ ಮಾಡಿ, ‘ಸಾರ್, ನಿಮ್ಮದು ಯಂತ್ರದ್ದು ಎಂದು ತೋರಿಸುತ್ತಿದೆ’ ಎಂದ. ನಾನು ಕಾಗದದ ಮೇಲೆ ಶಾಯಿಯಲ್ಲಿ ಬರೆದದ್ದನ್ನು ನನ್ನ ಸೊಸೆ ಬೆರಳಚ್ಚು ಮಾಡಿದ್ದಳು.

ಕೋಪ ಇಳಿದ ಮೇಲೆ ನನ್ನದೇ ಪ್ರತಿ ತೆಗೆದು ನೋಡಿದೆ. ‘ಸರಳ ಸಜ್ಜನಿಕೆಯ ವ್ಯಕ್ತಿತ್ವ’, ‘ತುಂಬಲಾರದ ನಷ್ಟ’, ‘ಅವರ ಅಗಲಿಕೆಯ ನೋವನ್ನು ಭರಿಸುವ ಶಕ್ತಿ’. ‘ಸರಳ’ ಎಂದು ಬರೆದ ಮೇಲೆ ‘ಸಜ್ಜನಿಕೆ’ ಬರದಿದ್ದರೆ ನನಗೇ ಆಶ್ಚರ್ಯ. ಮೂವತ್ತೈದು ವರ್ಷ ಬೀಳ್ಕೊಡುಗೆ ಭಾಷಣ, ವಾರ್ಷಿಕ ವರದಿ, ಸಂತಾಪ ಸೂಚನೆ ಬರೆದ ಕೈ ಇದು. ಮಿತ್ರರ ಲೆಕ್ಕದಲ್ಲಿ ನಾನು ಹುಟ್ಟಾ 0.5. ಜರಡಿಯೂ ಒಳಗೇ ಇದೆ. ‘ಮೌನ ಕವಿದಿತ್ತು’ ಎಂದು ಬರೆದ ಹುಡುಗರಿಗೆ ಕೆಂಪು ಶಾಯಿಯಲ್ಲಿ ‘ಮಂಜು’ ಎಂದು ತಿದ್ದಿದವನು ನಾನೇ ಇರಬೇಕು.

ಹಟಕ್ಕೆ ಬಿದ್ದು ಮತ್ತೆ ಬರೆದೆ. ಮೇಷ್ಟ್ರು ಸ್ಕೂಟರ್ ಕಿಕ್ ಹೊಡೆಯುವಾಗ ಹದಿಮೂರರ ಮಗ್ಗಿ ಹೇಳುತ್ತಿದ್ದುದು, ನೂರಾ ಮೂವತ್ತರೊಳಗೆ ಸ್ಟಾರ್ಟ್ ಆಗದಿದ್ದರೆ ನಡೆದೇ ಶಾಲೆಗೆ ಬರುತ್ತಿದ್ದುದು, ಎಲ್ಲವನ್ನೂ ಸೇರಿಸಿದೆ. ಹುಡುಗ ಈ ಬಾರಿ ಉತ್ಸಾಹದಿಂದ ಫೋನ್ ಮಾಡಿದ: ‘ಮನುಷ್ಯ ಎಂದು ಬಂತು ಸಾರ್!’

ಎರಡೂ ಪ್ರತಿಗಳನ್ನು ಮೇಷ್ಟ್ರ ಮನೆಗೆ ಕಳುಹಿಸಿಕೊಟ್ಟೆ. ಅವರ ಹೆಂಡತಿ ಸ್ಕೂಟರಿನ ವಿಷಯ ಓದಿ, ಸಂಚಿಕೆಯಲ್ಲಿ ಇಂಥದ್ದೆಲ್ಲ ಏಕೆ ಎಂದರಂತೆ. ಮೊದಲನೆಯದೇ ಅಚ್ಚಾಯಿತು.