ಊಚಿಠಿಠಿಥಿ ಕನ್ನಡ ರಾಜ್ಯೋತ್ಸವ

ನವೆಂಬರ್ 1ಕ್ಕೆ ಎರಡು ದಿನ ಇದೆ ಅನ್ನುವಾಗ ಯುವ ಮುಖಂಡರಿಗೆ ಕನ್ನಡದ ನೆನಪಾಗುತ್ತದೆ. ಕೂಡಲೇ ಪಿ.ಎ. ಕಡೆಯಿಂದ ಫ್ಲೆಕ್ಸ್ ಅಂಗಡಿಗೆ ವಾಟ್ಸಾಪಿನಲ್ಲಿ ಒಂದು ಸಾಲು ಹೋಗುತ್ತದೆ: ‘Happy ಕನ್ನಡ ರಾಜ್ಯೋತ್ಸವ’. ಅದರ ಹಿಂದೆಯೇ ಹದಿನೆಂಟು ಫೋಟೊ. ಯಾರ ಮುಖ ಎಷ್ಟು ದೊಡ್ಡದಿರಬೇಕು, ಯಾರು ಯಾರ ಪಕ್ಕದಲ್ಲಿ ನಿಲ್ಲಬಾರದು ಎಂಬ ಸೂಚನೆಗಳು ಎರಡು ವಾಯ್ಸ್ ಮೆಸೇಜ್ ತುಂಬಾ ಬರುತ್ತವೆ. ಸಾಲಿನ ಬಗ್ಗೆ ಮಾತ್ರ ಯಾವ ಸೂಚನೆಯೂ ಇರುವುದಿಲ್ಲ. ಮೂರೇ ಪದ ತಾನೆ, ಅದರಲ್ಲಿ ಕೆಡುವುದಕ್ಕೆ ಏನಿದೆ?

ಕೆಡುವುದೆಲ್ಲ ಅದರಲ್ಲೇ ಇದೆ.

ವಾಟ್ಸಾಪಿನಲ್ಲಿ ಬಂದ ಕನ್ನಡ ಯುನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಬಗೆ. ಅಂಗಡಿಯ ಕಂಪ್ಯೂಟರಿನಲ್ಲಿರುವುದು ಹಳೆಯ ಕೋರೆಲ್‌ಡ್ರಾ. ಅದಕ್ಕೆ ಯುನಿಕೋಡ್ ಕನ್ನಡ ಅಂಟಿಸಿದರೆ ಒತ್ತಕ್ಷರ ಕೂಡುವುದಿಲ್ಲ, ‘ರಾಜ್‌ಯೋತ್‌ಸವ’ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಅದಕ್ಕೇ ಆಪರೇಟರ್ ಆ ಸಾಲನ್ನು ಕನ್ವರ್ಟರ್‌ಗೆ ಹಾಕಿ ನುಡಿ ಎಂಬ ಕನ್ನಡ ತಂತ್ರಾಂಶದ ಆಸ್ಕಿ ಅಕ್ಷರಕ್ಕೆ ತಿರುಗಿಸುತ್ತಾನೆ. ಕನ್ವರ್ಟರ್ ಇಂಗ್ಲಿಷ್ ಅಕ್ಷರಗಳನ್ನು ಮುಟ್ಟುವುದಿಲ್ಲ, ಕನ್ನಡವನ್ನಷ್ಟೇ ಬದಲಿಸುತ್ತದೆ. ಹೊರಬರುವುದು ಇದು:

```
Happy PÀ£ÀßqÀ gÁeÉÆåÃvÀìªÀ
```

ಇಲ್ಲಿಯವರೆಗೆ ಯಾವ ತಪ್ಪೂ ಆಗಿಲ್ಲ. ಮುಂದಿನ ಹೆಜ್ಜೆಯಲ್ಲಿ ಆಪರೇಟರ್ ಇಡೀ ಸಾಲನ್ನು ಸೆಲೆಕ್ಟ್ ಮಾಡಿ Nudi 01 e ಫಾಂಟ್ ಕೊಡುತ್ತಾನೆ. ಆಗ ಅದು ಹೀಗಾಗುತ್ತದೆ:

```
ಊಚಿಠಿಠಿಥಿ ಕನ್ನಡ ರಾಜ್ಯೋತ್ಸವ
```

ಕಾರಣ ಸರಳ. ಆಸ್ಕಿ ಫಾಂಟಿನಲ್ಲಿ ಕನ್ನಡಕ್ಕೆ ಅಂತ ಪ್ರತ್ಯೇಕ ಜಾಗವೇ ಇಲ್ಲ, ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿದ್ದಾರೆ. H ಇರಬೇಕಾದಲ್ಲಿ ಊ, a ಇರಬೇಕಾದಲ್ಲಿ ಚಿ, p ಜಾಗದಲ್ಲಿ ಠಿ, y ಜಾಗದಲ್ಲಿ ಥಿ. ಕಂಪ್ಯೂಟರಿಗೆ ಅದು ಈಗಲೂ Happyಯೇ. ಓದುವವರಿಗೆ ಮಾತ್ರ ಊಚಿಠಿಠಿಥಿ. ಇಡೀ ಸಾಲಿಗೆ ಏರಿಯಲ್ ಕೊಟ್ಟು ನೋಡಿ, Happy ಸರಿಯಾಗಿ ಎದ್ದು ಬರುತ್ತದೆ, ಕನ್ನಡ ಹೋಗಿ PÀ£ÀßqÀ ಆಗುತ್ತದೆ. ಅಂದರೆ ಒಂದೇ ಫಾಂಟಿನಲ್ಲಿ ಈ ಸಾಲು ಯಾವತ್ತೂ ಪೂರ್ತಿ ಸರಿ ಬರುವುದಿಲ್ಲ. ಮೊದಲ ಪದವನ್ನು ಮಾತ್ರ ಸೆಲೆಕ್ಟ್ ಮಾಡಿ ಅದಕ್ಕೆ ಏರಿಯಲ್, ಉಳಿದದ್ದಕ್ಕೆ ನುಡಿ ಕೊಡಬೇಕು. ಹತ್ತು ಸೆಕೆಂಡಿನ ಕೆಲಸ. ಆದರೆ ಹದಿನೆಂಟು ಮುಖಗಳ ಹಿಂದಿನ ಗೋಡೆ ಅಳಿಸುತ್ತ ರಾತ್ರಿ ಹನ್ನೊಂದಾಗಿರುವಾಗ ಹತ್ತು ಸೆಕೆಂಡ್ ಯಾರಲ್ಲಿರುತ್ತದೆ?

ಯಾವ ತಪ್ಪು ಎಲ್ಲಿ ಆಯಿತು ಎಂದು ದೂರದಿಂದಲೇ ಹೇಳಬಹುದು. ಫ್ಲೆಕ್ಸಿನಲ್ಲಿ ಕನ್ನಡ ಸರಿ ಇದ್ದು ಇಂಗ್ಲಿಷ್ ಠಿಠಿ ಆಗಿದ್ದರೆ ಅದು ಡಿಸೈನ್ ಮಾಡಿದವನ ಅವಸರ. ಇಂಗ್ಲಿಷ್ ಸರಿ ಇದ್ದು ಕನ್ನಡದ ತಲೆಯ ಮೇಲೆ À Ã ಎಂಬ ಕೊಂಬು ಮೂಡಿದ್ದರೆ, ಡಿಸೈನ್ ಸರಿಯಿದ್ದು ಪ್ರಿಂಟಿಂಗ್ ಮಾಡುವ ಕಡೆ ನುಡಿ ಫಾಂಟ್ ಇರಲಿಲ್ಲ ಎಂದರ್ಥ. ಎರಡನೆಯದಕ್ಕೆ ಮದ್ದು, ಫೈಲ್ ಕಳಿಸುವ ಮುಂಚೆ ಅಕ್ಷರಗಳನ್ನು ಸೆಲೆಕ್ಟ್ ಮಾಡಿ Ctrl+Q ಒತ್ತಿ ಕರ್ವ್ಸ್ ಮಾಡುವುದು. ಆಗ ಅಕ್ಷರ ಬರೀ ಚಿತ್ರವಾಗುತ್ತದೆ, ಆ ಕಡೆ ಫಾಂಟ್ ಇಲ್ಲದಿದ್ದರೂ ನಡೆಯುತ್ತದೆ. ಕರ್ವ್ಸ್ ಮಾಡಿದ ಮೇಲೆ ತಪ್ಪು ಕಂಡರೆ ಅಕ್ಷರ ತಿದ್ದಲು ಬರುವುದಿಲ್ಲ, ಹಾಗಾಗಿ ಕರ್ವ್ಸ್ ಮಾಡದ ಒಂದು ಪ್ರತಿ ಇಟ್ಟುಕೊಂಡಿರಬೇಕು. ಇಟ್ಟುಕೊಂಡಿರುವುದಿಲ್ಲ.

ಹಾಗಂತ ಪ್ರೂಫ್ ನೋಡುವ ಪದ್ಧತಿ ಇಲ್ಲವೆಂದಲ್ಲ. ಪ್ರೂಫ್ ಜೆಪೆಗ್ ಆಗಿ ಪಿ.ಎ.ಗೆ ಹೋಗುತ್ತದೆ, ಪಿ.ಎ. ಅದನ್ನು ಅಣ್ಣನಿಗೆ ಕಳಿಸುತ್ತಾರೆ, ಅಣ್ಣ ಬೆರಳಲ್ಲಿ ಹಿಗ್ಗಿಸಿ ತನ್ನ ಮುಖ ನೋಡಿಕೊಂಡು, ಆಮೇಲೆ ಎದುರು ಬಣದವನ ಮುಖಕ್ಕೆ ಅಳತೆ ಹಾಕಿ ‘ಓಕೆ, ಪ್ರಿಂಟ್ ಹೊಡಿ’ ಎನ್ನುತ್ತಾರೆ. ಸಾಲನ್ನು ಯಾರೂ ಓದಲಿಲ್ಲ ಎಂದು ದೂರುವುದು ಅನ್ಯಾಯ. ಓದಲಿಕ್ಕೆ ಅಂತ ಅದನ್ನು ಹಾಕಿಸಿದ್ದು ಯಾರು?

ಇದಕ್ಕೊಂದು ಕಾನೂನಿನ ಲಾಭವೂ ಇದೆ. ಅಂಗಡಿ-ಮುಂಗಟ್ಟುಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಎಂದು 2024ರಲ್ಲಿ ಕಾಯ್ದೆ ತಿದ್ದುಪಡಿ ಆಯಿತು. ಶುಭಾಶಯದ ಫ್ಲೆಕ್ಸಿಗೂ ಆ ಅಳತೆ ಹಿಡಿದರೆ ನಮ್ಮ ಮುಖಂಡರಿಗೆ ಪ್ರಶಸ್ತಿಯನ್ನೇ ಕೊಡಬೇಕು. ಒಂದು ಇಂಗ್ಲಿಷ್ ಪದ ಇದ್ದ ಸಾಲನ್ನು ಅವರು ಯಾವ ಹೋರಾಟವೂ ಇಲ್ಲದೆ ಶೇ 100 ಕನ್ನಡ ಮಾಡಿದ್ದಾರೆ.

ಫ್ಲೆಕ್ಸ್ ವಾರ ಕಳೆದರೆ ತರಕಾರಿ ಗಾಡಿಯ ನೆರಳಾಗುತ್ತದೆ. ಕನ್ವರ್ಟರ್ ಉಲ್ಟಾ ದಿಕ್ಕಿನಲ್ಲಿ ಓಡಿದಾಗ ಆಗುವ ಹಾನಿ ಹಾಗೆ ಅಳಿಯುವುದಿಲ್ಲ. ನುಡಿಯಲ್ಲಿ ಟೈಪ್ ಮಾಡಿದ ಶುಭಾಶಯವನ್ನು ಕಚೇರಿಯೊಂದರ ವೆಬ್‌ಸೈಟಿಗೆ ಏರಿಸಬೇಕು ಎನ್ನೋಣ. ಆಸ್ಕಿಯಿಂದ ಯುನಿಕೋಡ್‌ಗೆ ತಿರುಗಿಸುವ ಕನ್ವರ್ಟರ್‌ಗೆ ಸಾಲಿನಲ್ಲಿ ಯಾವುದು ಇಂಗ್ಲಿಷ್, ಯಾವುದು ನುಡಿ ಎಂದು ತಿಳಿಯುವ ದಾರಿಯೇ ಇಲ್ಲ, ಎರಡಕ್ಕೂ ಒಂದೇ ಅಕ್ಷರಗಳು. ಹಾಗಾಗಿ Happyಯನ್ನೂ ನಿಷ್ಠೆಯಿಂದ ಕನ್ನಡ ಮಾಡುತ್ತದೆ. ಈಗ ಊಚಿಠಿಠಿಥಿ ಬರೀ ಕಣ್ಣಿಗೆ ಕಾಣುವ ವೇಷವಲ್ಲ, ನಿಜವಾದ ಯುನಿಕೋಡ್ ಕನ್ನಡ. ಯಾವ ಫಾಂಟ್ ಬದಲಿಸಿದರೂ ಅದು Happy ಆಗುವುದಿಲ್ಲ. ಜಾಲತಾಣಗಳಲ್ಲಿ www ಇರಬೇಕಾದಲ್ಲಿ ‘ತಿತಿತಿ’ ಎಂದೂ, ATM ಇರಬೇಕಾದಲ್ಲಿ ‘ಂಖಿಒ’ ಎಂದೂ, TV ಹೋಗಿ ‘ಖಿಗಿ’ ಎಂದೂ ಕಂಡರೆ ಕೈ ಮುಗಿಯಿರಿ, ಅವೆಲ್ಲ ಇದೇ ದಾರಿಯಲ್ಲಿ ಕನ್ನಡಕ್ಕೆ ಮತಾಂತರಗೊಂಡ ಪದಗಳು.

ಇದಕ್ಕೂ ಉಪಾಯವಿದೆ. ಕೆಟ್ಟ ಪದವನ್ನಷ್ಟೇ ಕಾಪಿ ಮಾಡಿ, ಯುನಿಕೋಡ್‌ನಿಂದ ಆಸ್ಕಿಗೆ ವಾಪಸ್ ತಿರುಗಿಸಿದರೆ ಊ ಮತ್ತೆ H, ಚಿ ಮತ್ತೆ a ಆಗಿ ಹಳೆಯ ಪದ ಬರುತ್ತದೆ. ಅದನ್ನು ಆ ಜಾಗಕ್ಕೆ ಅಂಟಿಸಿದರೆ ಆಯಿತು. ಅದಕ್ಕಿಂತ ಒಳ್ಳೆಯದು, ಮೊದಲೇ ಇಂಗ್ಲಿಷ್ ಪದವನ್ನು ತೆಗೆದಿಟ್ಟು ಕನ್ನಡದ ಭಾಗವನ್ನು ಮಾತ್ರ ಕನ್ವರ್ಟರ್‌ಗೆ ಹಾಕುವುದು. ಎಲ್ಲಕ್ಕಿಂತ ಒಳ್ಳೆಯದು ಯುನಿಕೋಡ್‌ನಲ್ಲೇ ಟೈಪ್ ಮಾಡುವುದು. ಅದಕ್ಕೆ ಸಮಿತಿ, ಸಮಿತಿಗೆ ಉಪಸಮಿತಿ ಆಗಬೇಕು, ಬಿಡಿ.

ಇನ್ನು ಮುಖಂಡರ ಬಲ್ಕ್ ಎಸ್ಸೆಮ್ಮೆಸ್. ಇಲ್ಲಿ ಫಾಂಟಿನ ತಂಟೆ ಇಲ್ಲ, ದುಡ್ಡಿನ ತಂಟೆ ಇದೆ. ಪಿ.ಎ. ವರ್ಡ್‌ನಲ್ಲಿ ಟೈಪ್ ಮಾಡಿದ ಸಂದೇಶ ಹೀಗಿತ್ತು ಎಂದುಕೊಳ್ಳಿ:

```
Happy Kannada Rajyotsava to one and all! - Ex Vice President, Youth Leader, Social Worker, Ward Aspirant, Blood Donor, Dr (Hon)
```

ಬಿಟ್ಟ ಜಾಗಗಳೂ ಸೇರಿ 127 ಅಕ್ಷರ. ಬರೀ ಇಂಗ್ಲಿಷ್ ಇದ್ದರೆ ಒಂದು ಎಸ್ಸೆಮ್ಮೆಸ್‌ನಲ್ಲಿ 160 ಹಿಡಿಸುತ್ತದೆ, ಆರಾಮಾಗಿ ಹೋಗಬೇಕು. ಅಷ್ಟರಲ್ಲಿ ಯಾರೋ ಹಿರಿಯರು ‘ರಾಜ್ಯೋತ್ಸವಕ್ಕೆ ಒಂದಾದ್ರೂ ಕನ್ನಡ ಪದ ಬೇಡವೇನಪ್ಪಾ’ ಎಂದರು. ಸಂದೇಶದ ಮೊದಲಿಗೆ ‘ನಮಸ್ಕಾರ’ ಸೇರಿತು.

ಸಂದೇಶದಲ್ಲಿ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಸಂದೇಶ ಯುನಿಕೋಡ್ ಲೆಕ್ಕಕ್ಕೆ ಬೀಳುತ್ತದೆ, ಅದರಲ್ಲಿರುವ ಇಂಗ್ಲಿಷೂ ಸೇರಿ. ಆಗ ಒಂದು ಎಸ್ಸೆಮ್ಮೆಸ್‌ಗೆ ಹಿಡಿಸುವುದು 70. ಅದು ಮೀರಿ ತುಂಡಾದರೆ, ತುಂಡುಗಳನ್ನು ಮತ್ತೆ ಜೋಡಿಸುವ ಗುರುತಿಗೆ ಜಾಗ ಹೋಗಿ ಒಂದೊಂದರಲ್ಲಿ 67. ಎಣಿಕೆಯೂ ಕಣ್ಣಿಗೆ ಕಂಡಂತಲ್ಲ. ‘ನಮಸ್ಕಾರ’ ಬಾಯಲ್ಲಿ ನಾಲ್ಕಕ್ಷರ, ಸಂದೇಶ ಸಾಗಿಸುವ ಗೇಟ್‌ವೇಗೆ ಏಳು: ನ, ಮ, ಸ, ಒತ್ತಕ್ಷರ ಕೂಡಿಸುವ ಚಿಹ್ನೆ, ಕ, ಆ ಕಾರದ ಗುಣಿತ, ರ. ಅದರ ಮುಂದಿನ ಖಾಲಿ ಜಾಗ ಸೇರಿ 8. ಒಟ್ಟು 135.

ಎರಡು ತುಂಡಿನಲ್ಲಿ ಹಿಡಿಸುವುದು 134. ಉಳಿದ ಒಂದೇ ಒಂದು ಚಿಹ್ನೆ, ಗೌರವ ಡಾಕ್ಟರೇಟಿನ ಕೊನೆಯ ಕಂಸ, ಮೂರನೆಯ ಎಸ್ಸೆಮ್ಮೆಸ್‌ನಲ್ಲಿ ಒಬ್ಬಂಟಿಯಾಗಿ ಪ್ರಯಾಣ ಮಾಡುತ್ತದೆ. ಹತ್ತು ಸಾವಿರ ಮತದಾರರಿಗೆ ಕಳಿಸಿದರೆ ಮೂವತ್ತು ಸಾವಿರ ಎಸ್ಸೆಮ್ಮೆಸ್ಸಿನ ಬಿಲ್ಲು, ಅದರಲ್ಲಿ ಹತ್ತು ಸಾವಿರ ಬರೀ ಕಂಸಕ್ಕೆ.

ಇನ್ನೊಂದು ಸಂಭವವೂ ಇದೆ. ಕಳಿಸುವ ಪರದೆಯಲ್ಲಿ ಸಂದೇಶದ ಬಗೆ ಯುನಿಕೋಡ್ ಎಂದು ಆರಿಸದೆ ಸಾದಾ ಟೆಕ್ಸ್ಟ್ ಎಂದೇ ಬಿಟ್ಟಿದ್ದರೆ ಸಾಮಾನ್ಯವಾಗಿ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಎಣಿಸಿ ನೋಡಿ, ಏಳು ಇದ್ದರೆ ಅದು ನಮಸ್ಕಾರ. ‘??????? Happy Kannada Rajyotsava’ ಎಂಬ ಸಂದೇಶ ಬಂದವರು ಅದನ್ನು ವ್ಯಂಗ್ಯ ಎಂದುಕೊಂಡರೆ ಅವರ ತಪ್ಪೇನಿಲ್ಲ.

ಬಿಲ್ಲು ನೋಡಿ ಅಣ್ಣ ಸಿಟ್ಟಾಗುತ್ತಾರೆ. ಏನಾದರೂ ಕತ್ತರಿಸಬೇಕು. ಬ್ಲಡ್ ಡೋನರ್ ತೆಗೆಯೋಣವೆಂದರೆ ಸೇವೆಗೆ ಅವಮಾನ, ಆಸ್ಪಿರಂಟ್ ತೆಗೆದರೆ ಟಿಕೆಟ್ ಕೈ ತಪ್ಪುತ್ತದೆ, ಡಾಕ್ಟರೇಟನ್ನಂತೂ ದುಡ್ಡು ಕೊಟ್ಟು ತಂದದ್ದು. ಹೀಗೆ ಒಂದೊಂದೇ ಬಿರುದಿಗೆ ವಕಾಲತ್ತು ನಡೆದು, ಹೇಳುವವರು ಕೇಳುವವರು ಯಾರೂ ಇಲ್ಲದ ಪದ ಒಂದೇ ಉಳಿಯಿತು. ನಮಸ್ಕಾರ ಹೋಗಿ ಅಲ್ಲಿ Namaskara ಬಂತು. ಲೆಕ್ಕದ ಪ್ರಕಾರ ಈಗ 137, ಒಂದೇ ಎಸ್ಸೆಮ್ಮೆಸ್ ಸಾಕು.

ಬಿಲ್ಲು ಮತ್ತೆ ಮೂವತ್ತು ಸಾವಿರವೇ ಬಂತು. ಪಿ.ಎ. ಟೈಪ್ ಮಾಡಿದ್ದು ವರ್ಡ್‌ನಲ್ಲಿ ತಾನೆ? all! ಆದ ಮೇಲೆ ಹೊಡೆದ ಸಣ್ಣ ಗೆರೆಯನ್ನು ವರ್ಡ್ ತಾನಾಗಿಯೇ ಉದ್ದ ಮಾಡಿ ‘–’ ಮಾಡಿತ್ತು. ಆ ಉದ್ದ ಗೆರೆ ಎಸ್ಸೆಮ್ಮೆಸ್‌ನ ಇಂಗ್ಲಿಷ್ ಪಟ್ಟಿಯಲ್ಲಿ ಇಲ್ಲ. ಗೇಟ್‌ವೇ ಅದನ್ನು ತಾನೇ ಸಣ್ಣ ಗೆರೆ ಮಾಡಿಕೊಳ್ಳದಿದ್ದರೆ, ಅದೊಂದೇ ಇಡೀ ಸಂದೇಶವನ್ನು ಯುನಿಕೋಡ್‌ಗೆ ಎಳೆಯುತ್ತದೆ. 137ಕ್ಕೆ ಮತ್ತೆ ಮೂರು ತುಂಡು. ನೋಟ್‌ಪ್ಯಾಡಿಗೆ ಅಂಟಿಸಿ ಆ ಗೆರೆ ಅಳಿಸಿ, ಕೀಲಿಮಣೆಯ ಸಣ್ಣ ಗೆರೆ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಸಭೆಯಲ್ಲಿ ಗೆರೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ‘ಇನ್ನೂ ಎಲ್ಲೋ ಕನ್ನಡ ಉಳ್ಕೊಂಡಿದೆ ನೋಡ್ರೋ’ ಎಂದು ಅಣ್ಣ ಗದರಿದರು. ಹುಡುಗರು ಸಂದೇಶವನ್ನು ಮೇಲಿಂದ ಕೆಳಕ್ಕೆ ಜಾಲಾಡಿ, Rajyotsava ತೆಗೆದು Formation Day ಹಾಕಿದರು.