ಸವತ್‌ದೀ ಕ್ರಾಪು!

ಅಡಿಕೆ ಕೊಯ್ಲು ಮುಗಿದು ನಾಲ್ಕು ಕಾಸು ಕೈಗೆ ಬಂದರೆ ಸಾಕು, ತೀರ್ಥಹಳ್ಳಿ, ಸಾಗರದ ಕಡೆಯವರು ಗುಂಪು ಕಟ್ಟಿಕೊಂಡು ಬ್ಯಾಂಕಾಕ್‌ಗೆ ಹೊರಡುತ್ತಾರೆ. ಹೊರಡುವ ಹಿಂದಿನ ದಿನ ವಾಟ್ಸಾಪಿಗೆ ಬಂದು ಬೀಳುತ್ತದೆ ಆ ಹಾಳು ಪಟ್ಟಿ: ‘ಐದು ಥಾಯ್ ಮಾತು, ಐದು ನಿಮಿಷದಲ್ಲಿ’. ಯಾರು ಬರೆದಿದ್ದೋ, ನಮಸ್ಕಾರ ಅನ್ನುವ ಮಾತನ್ನು ಇಂಗ್ಲಿಷ್ ಅಕ್ಷರ ನೋಡಿಕೊಂಡು ‘ಸವಾಸ್ದೀ’ ಅಂತ ಗೀಚಿರುತ್ತಾರೆ. ಥಾಯ್‌ನಲ್ಲಿ ಉಚ್ಚಾರದ ತುಂಡಿನ ಕೊನೆಗೆ ಬಂದ ‘ಸ್’ ‘ತ್’ ಆಗುತ್ತದೆ. ಹಾಗಾಗಿ ಅದು ಸ-ವತ್-ದೀ. ಮೂಲ ನಮಗೆ ಗೊತ್ತಿದ್ದದ್ದೇ, ‘ಸ್ವಸ್ತಿ’. ಬಳ್ಳಿಗಾವಿಯ ಎಷ್ಟೋ ಶಾಸನ ಶುರುವಾಗುವುದೇ ಆ ಪದದಿಂದ.

ಅಲ್ಲಿಗೆ ಮುಗಿಯಲಿಲ್ಲ. ಮರ್ಯಾದೆಗೆ ಒಂದು ಬಾಲ ಸೇರಿಸಬೇಕು: ಹೇಳುವವರು ಗಂಡಸಾದರೆ ಕೊನೆಗೆ ‘ಖ್ರಪ್’, ಹೆಂಗಸಾದರೆ ‘ಖ’. ಎದುರಿಗಿರುವವರು ಯಾರು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಪ್ರತಿ ಗುಂಪಿನಲ್ಲೂ ಒಬ್ಬರು ಭಾವ ಇರುತ್ತಾರಲ್ಲ, ಪೂರ್ತಿ ಕಲಿತೇ ಹೊರಡುವವರು? ಅವರ ಮೊಬೈಲಿನಲ್ಲಿ ಪಾಠ ಹೇಳುವುದು ಹೆಣ್ಣುದನಿ. ಭಾವ ಅದನ್ನೇ ರಾಗ ಸಮೇತ ಒಪ್ಪಿಸುತ್ತಾರೆ: ‘ಸವತ್‌ದೀ ಖಾ…’ ಗಿರಿಜಾ ಮೀಸೆ, ಹೆಗಲಿಗೆ ಟವೆಲ್ಲು, ಬಾಯಲ್ಲಿ ಹೆಂಗಸರ ಮಾತು. ಎಳನೀರು ಮಾರುವಾಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ. ಭಾವನಿಗೆ ಅದು ಮೆಚ್ಚುಗೆ! ಮುಂದಿನ ಅಂಗಡಿಯಲ್ಲಿ ಇನ್ನಷ್ಟು ಎಳೆದು ‘ಖಾ…’

ಅಕ್ಕ ನಾಲ್ಕನೇ ದಿನ ತಡೆಯಲಾರದೆ, ‘ನೀವು ಖ್ರಪ್ ಅನ್ನಬೇಕಂತೆ ಮಾರಾಯ್ರೆ’ ಎಂದರೆ ಬೇರೆ ಫಜೀತಿ. ನಮ್ಮ ನಾಲಿಗೆಗೆ ಕೊನೆಯಲ್ಲಿ ಒಂದು ‘ಉ’ ಬೀಳದಿದ್ದರೆ ಸಮಾಧಾನವಿಲ್ಲ: ಬಸ್ಸು, ಕಾರು, ಕಪ್ಪು. ಹಾಗೇ ‘ಸವತ್‌ದೀ ಕ್ರಾಪು’. ಸಿಕ್ಕಸಿಕ್ಕವರ ಹತ್ತಿರವೆಲ್ಲ ಕ್ರಾಪು ಹೊಡೆಸುವ ಮಾತು! ‘ಪ್’ಗೆ ತುಟಿ ಮುಚ್ಚಿದರೆ ಮುಚ್ಚಿದ್ದೇ, ತೆರೆಯಬಾರದು. ಬಾಯಿಯ ಮುಂದೆ ಅಂಗೈ ಹಿಡಿದು ನೋಡಿ. ‘ಪ್’ ಆದಮೇಲೆ ಅಂಗೈಗೆ ಗಾಳಿ ತಾಗಿದರೆ ತಪ್ಪು. ಮಾತಿನ ಓಟದಲ್ಲಿ ಅಲ್ಲಿಯವರು ರಕಾರ ನುಂಗಿ ‘ಖಪ್’ ಅನ್ನುವುದೇ ಹೆಚ್ಚು, ಅದು ನಮಗೂ ಸಲೀಸು. ಆದರೆ ‘ಖ’ದ ಮಹಾಪ್ರಾಣ ಬಿಡಬೇಡಿ.

ಇಷ್ಟು ಸರಿಯಾದರೂ ಕಷ್ಟ ಇರುವುದು ಉತ್ತರದಲ್ಲಿ. ಸವತ್‌ದೀಗೆ ಸವತ್‌ದೀಯೇ ಉತ್ತರ, ತೊಂದರೆಯಿಲ್ಲ. ‘ಸಬಾಯ್ ದೀ ಮಯ್?’ ಅಂದರೆ ಚೆನ್ನಾಗಿದೀರಾ? ಭಾವ ಅದನ್ನೇ ಪೂರ್ತಿ ತಿರುಗಿ ಒಪ್ಪಿಸಿ ಕೇಳಿದವರನ್ನೇ ಕೇಳುತ್ತಾರೆ. ‘ಮಯ್’ ಪ್ರಶ್ನೆಯ ಬಾಲ, ಅದನ್ನು ಕತ್ತರಿಸಿ ‘ಸಬಾಯ್ ದೀ ಖಪ್’ ಅಂದರೆ ಆಯ್ತು.

ಹೋಂಸ್ಟೇ ಅಜ್ಜಿ ಬೆಳಿಗ್ಗೆ ‘ಕಿನ್ ಖಾವ್ ರು ಯಂಗ್?’ ಅಂದರೆ ಮಾತ್ರ ಯಾವ ಪಟ್ಟಿಯೂ ನೆರವಿಗೆ ಬರುವುದಿಲ್ಲ. ಮಾತಿಗೆ ಮಾತು ಅರ್ಥ ಮಾಡಿದರೆ ‘ಅನ್ನ ಉಂಡಾಯ್ತಾ?’ ಅಷ್ಟೇ. ತಟ್ಟೆ ಹಾಕುತ್ತಾಳೆ ಅಂತ ಕೂರಬೇಡಿ, ನಮ್ಮ ‘ಊಟ ಆಯ್ತಾ?’ ತರಹದ ಕುಶಲ ಅದು. ‘ಕಿನ್ ಲೇಓ ಖಪ್’, ಉಂಡಾಯ್ತು, ಎಂದರೆ ಸಾಕು.

ಜಗಲಿಯ ಮೇಲೆ ಕೂತು ಹೋಗಿಬರುವವರನ್ನೆಲ್ಲ ಹೀಗೆ ಕೇಳುತ್ತಿದ್ದ ಅಜ್ಜಿಯರು ಊರಲ್ಲಿ ಈಗ ಎಷ್ಟು ಮಂದಿ ಉಳಿದಿದ್ದಾರೋ. ಭಾವ ಒಂದು ಗಳಿಗೆ ಸುಮ್ಮನೆ ನಿಂತು, ಕೈಮುಗಿದು, ತುಂಬು ಗೌರವದಿಂದ ಹೇಳುತ್ತಾರೆ: ‘ಕಿನ್ ಲೇಓ ಖಾ…’